ಸಿಸಿಫಸ್‌ನ ಬಂಡೆ ಯಾರ ಮನೆಗೆ?

ನಮ್ಮ ಜೊತೆ ಪತ್ರಿಕೋದ್ಯಮ ಓದಿದವರ ವಾಟ್ಸಾಪ್ ಗುಂಪಿನಲ್ಲಿ ಒಂದು ಮಾತು ಆಗಾಗ ಬಂದುಹೋಗುತ್ತದೆ. ಯಾರೋ ಒಬ್ಬರು ಮೂರು ದಿನ ಹಳ್ಳಿ ಸುತ್ತಿ ಬರೆದ ವರದಿ ಒಳಪುಟದ ಮೂಲೆಯಲ್ಲಿ ಅಚ್ಚಾಗುತ್ತದೆ. ಯಾವ ಕಚೇರಿಯಲ್ಲೂ ಒಂದು ಕಾಗದ ಅಲ್ಲಾಡುವುದಿಲ್ಲ. ವಾರದ ಮೇಲೆ ಆ ಗೆಳೆಯ ಬರೆಯುತ್ತಾನೆ: ‘ಬಿಡ್ರೋ, ಎಲ್ಲಾ ಅಬ್ಸರ್ಡ್.’ ಅದರ ಕೆಳಗೆ ಹತ್ತು ನಗುವ ಮುಖಗಳು. ಕೊನೆಗೆ ಯಾರಾದರೂ ಬೆಟ್ಟಕ್ಕೆ ಬಂಡೆ ತಳ್ಳುವ ಮನುಷ್ಯನ ಚಿತ್ರ ಹಾಕುತ್ತಾರೆ. ಅಲ್ಲಿಗೆ ಆ ಹಳ್ಳಿಯ ವಿಷಯ ಮುಗಿಯಿತು.

ಅದೇ ಚಿತ್ರ ಇನ್ನೊಂದು ಕಡೆಯಿಂದಲೂ ಬರುತ್ತದೆ. ಕಂಪನಿಗಳ ತರಬೇತಿಯಲ್ಲಿ, ಸ್ಫೂರ್ತಿ ತುಂಬುವವರ ವಿಡಿಯೋಗಳಲ್ಲಿ ಅದಕ್ಕೆ ಬೇರೆ ಅರ್ಥ. ಬಂಡೆ ತಳ್ಳುವುದನ್ನೇ ಪ್ರೀತಿಸಿ, ಸಿಸಿಫಸ್ ಖುಷಿಯಾಗಿದ್ದಾನೆ, ನೀವೂ ಖುಷಿಯಾಗಿರಿ. ಹನ್ನೆರಡು ಗಂಟೆ ದುಡಿದರೂ ದೂರಬೇಡಿ, ನಿಮ್ಮ ನಗು ನಿಮ್ಮ ಕೈಯಲ್ಲೇ ಇದೆ.

ಒಬ್ಬರು ಕೈಚೆಲ್ಲುವುದಕ್ಕೆ, ಇನ್ನೊಬ್ಬರು ಕೈ ಕಟ್ಟಿಹಾಕುವುದಕ್ಕೆ ಇಬ್ಬರೂ ಕರೆತರುವುದು ಒಬ್ಬನೇ ಲೇಖಕನನ್ನು, ಆಲ್ಬೇರ್ ಕಮೂನನ್ನು. ಇಬ್ಬರೂ ಅವನಿಗೆ ಅನ್ಯಾಯ ಮಾಡುತ್ತಿದ್ದಾರೆ ಎಂಬುದು ನಮ್ಮ ವಾದ. ಸತ್ತ ಲೇಖಕನಿಗೆ ಆದ ಅನ್ಯಾಯ ದೊಡ್ಡದಲ್ಲ. ಆದರೆ ಈ ತಪ್ಪು ಓದಿನಿಂದ ಬದುಕಿರುವವರಿಗೆ ನಷ್ಟವಿದೆ, ಅದಕ್ಕೇ ಈ ಜಗಳ.

ಮೊದಲು ಕಮೂ ಹೇಳಿದ್ದೇನು ಎಂಬುದನ್ನು ಸರಿಯಾಗಿ ಇಟ್ಟುಕೊಳ್ಳೋಣ. ‘ದಿ ಮಿತ್ ಆಫ್ ಸಿಸಿಫಸ್’ ಎಂದು ನಾವು ಇಂಗ್ಲಿಷಿನಲ್ಲಿ ಓದುವ ಪುಸ್ತಕ ಫ್ರೆಂಚಿನಲ್ಲಿ ಬಂದದ್ದು 1942ರಲ್ಲಿ. ಜಗತ್ತು ಅಸಂಗತ ಎಂದು ಅದು ಹೇಳುವುದಿಲ್ಲ. ಮನುಷ್ಯ ಅಸಂಗತ ಎಂದೂ ಹೇಳುವುದಿಲ್ಲ. ಮನುಷ್ಯನಿಗೆ ಅರ್ಥ ಬೇಕು. ಯಾಕೆ ಹುಟ್ಟಿದೆ, ಯಾಕೆ ನರಳುತ್ತಿದ್ದೇನೆ, ಯಾಕೆ ಸಾಯಬೇಕು ಎಂದು ಅವನು ಕೇಳುತ್ತಲೇ ಇರುತ್ತಾನೆ. ಜಗತ್ತು ಉತ್ತರ ಕೊಡುವುದಿಲ್ಲ. ಈ ಕೇಳುವಿಕೆ ಮತ್ತು ಆ ಮೌನ ಒಂದಕ್ಕೊಂದು ತಾಗುವ ಜಾಗವೇ ಅಸಂಗತ. ಕತ್ತಿ ಹಿಡಿದು ಮೆಷಿನ್‌ಗನ್‌ಗಳ ಮೇಲೆ ನುಗ್ಗುವವನ ಉದಾಹರಣೆಯನ್ನು ಕಮೂ ಕೊಡುತ್ತಾನೆ. ಕತ್ತಿಯಲ್ಲಿ ಅಸಂಗತವಾದದ್ದೇನೂ ಇಲ್ಲ, ಗನ್ನಿನಲ್ಲೂ ಇಲ್ಲ. ಅವೆರಡನ್ನೂ ಎದುರುಬದುರು ಇಟ್ಟಾಗ ಅದು ಕಾಣುತ್ತದೆ.

ಹಾಗಾಗಿ ಇಲ್ಲಿ ಮೂರು ಸಂಗತಿಗಳಿವೆ: ಕೇಳುವ ಮನುಷ್ಯ, ಮಾತಾಡದ ಜಗತ್ತು, ಇವೆರಡರ ತಿಕ್ಕಾಟ. ಯಾವುದಾದರೂ ಒಂದನ್ನು ತೆಗೆದುಬಿಟ್ಟರೆ ಲೆಕ್ಕ ಬಗೆಹರಿದ ಹಾಗೆ ಕಾಣುತ್ತದೆ. ಕಮೂನ ಪ್ರಕಾರ ಹಾಗೆ ಬಗೆಹರಿಸುವುದೇ ಮೋಸ. ತನ್ನ ಬದುಕನ್ನೇ ಕೊನೆಗೊಳಿಸಿಕೊಂಡವನು ಕೇಳುವವನನ್ನು ತೆಗೆದುಹಾಕುತ್ತಾನೆ. ಆ ಪ್ರಶ್ನೆಯಿಂದಲೇ ಪುಸ್ತಕ ಶುರುವಾಗುತ್ತದೆ, ‘ಬೇಡ’ ಎಂಬ ಉತ್ತರಕ್ಕೆ ಅದು ಮುಟ್ಟುತ್ತದೆ. ಕೀರ್ಕೆಗಾರ್ಡ್‌ನಂಥ ಚಿಂತಕರು ನಂಬಿಕೆಯ ಕಡೆಗೆ ಒಂದು ಜಿಗಿತ ಹಾಕಿ, ಈ ಮೌನದ ಹಿಂದೆ ಯಾರೋ ಇದ್ದಾರೆ ಎನ್ನುತ್ತಾರೆ. ಅಲ್ಲಿಗೆ ಮೌನವೇ ಹೊರಟುಹೋಯಿತು. ಕಮೂ ಎರಡನ್ನೂ ಒಪ್ಪುವುದಿಲ್ಲ. ಪ್ರಶ್ನೆಯೂ ಇರಲಿ, ಮೌನವೂ ಇರಲಿ, ಎರಡನ್ನೂ ಕಣ್ಣೆದುರು ಇಟ್ಟುಕೊಂಡು ಒಪ್ಪದೆ ಬದುಕುವುದಕ್ಕೆ ಅವನು ಕೊಟ್ಟ ಹೆಸರು ಬಂಡಾಯ.

ಈಗ ನಮ್ಮ ಗುಂಪಿನ ಮಾತಿಗೆ ಮರಳಿ ಬರೋಣ. ‘ಎಲ್ಲಾ ಅಬ್ಸರ್ಡ್, ಬಿಡು’ ಎಂದವನು ತೆಗೆದದ್ದು ಯಾವುದನ್ನು? ಪ್ರಶ್ನೆಯನ್ನು. ಕೇಳುವುದನ್ನು ಬಿಟ್ಟವನಿಗೆ ಅಸಂಗತವೂ ಇಲ್ಲ. ಅವನ ಹತ್ತಿರ ಉಳಿದಿರುವುದು ಬರೀ ಸುಸ್ತು. ಸುಸ್ತಾಗುವುದು ತಪ್ಪಲ್ಲ, ನಮಗೂ ಆಗುತ್ತದೆ. ಆದರೆ ಸುಸ್ತಿಗೆ ತತ್ವಶಾಸ್ತ್ರದ ಅಂಗಿ ತೊಡಿಸಬಾರದು.

ಇಲ್ಲಿಂದ ಮುಂದಿನದು ನಮ್ಮಂಥವರಿಗೆ ಮುಖ್ಯವಾದ ವಿಷಯ. ಅಸಂಗತದ ಬಗ್ಗೆ ಬರೆದ ಈ ಮನುಷ್ಯ ಅದಕ್ಕೂ ಮೊದಲು ಹಳ್ಳಿ ಸುತ್ತಿದ ವರದಿಗಾರ. ಅವನು ಹುಟ್ಟಿದ್ದು 1913ರಲ್ಲಿ, ಆಗ ಫ್ರಾನ್ಸಿನ ವಸಾಹತಾಗಿದ್ದ ಅಲ್ಜೀರಿಯಾದಲ್ಲಿ. ಮರುವರ್ಷವೇ ಅಪ್ಪ ಮೊದಲ ಮಹಾಯುದ್ಧದಲ್ಲಿ ಸತ್ತ. ಅಮ್ಮನಿಗೆ ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ, ಓದು ಬರಹ ಬರುತ್ತಿರಲಿಲ್ಲ, ಪರರ ಮನೆಗಳಲ್ಲಿ ಕಸ ಮುಸುರೆ ಮಾಡಿ ಮಕ್ಕಳನ್ನು ಸಾಕಿದಳು. ಹದಿನೇಳನೇ ವಯಸ್ಸಿಗೆ ಅವನಿಗೆ ಕ್ಷಯ ಬಂತು. ಆ ರೋಗದ ಕಾರಣಕ್ಕೇ ಮುಂದೆ ಸರ್ಕಾರಿ ಅಧ್ಯಾಪಕನಾಗುವ ದಾರಿ ಮುಚ್ಚಿಹೋಯಿತು. ಹಾಗೆ ಬಂದು ಸೇರಿದ್ದು ಅಲ್ಜೀರ್ಸ್ ಪಟ್ಟಣದ ‘ಅಲ್ಜೆ ರಿಪಬ್ಲಿಕೇನ್’ ಎಂಬ ಸಣ್ಣ ಪತ್ರಿಕೆಗೆ.

1939ರ ಜೂನ್ ತಿಂಗಳಲ್ಲಿ, ಐದರಿಂದ ಹದಿನೈದನೇ ತಾರೀಖಿನವರೆಗೆ, ಆ ಪತ್ರಿಕೆಯಲ್ಲಿ ಅವನ ಹನ್ನೊಂದು ಲೇಖನಗಳು ಬಂದವು. ವಿಷಯ ಕಬೀಲಿಯಾ ಪ್ರದೇಶದ ಬಡತನ. ಕಬೀಲಿಯಾ ಅಲ್ಜೀರ್ಸ್‌ನ ಪೂರ್ವಕ್ಕಿರುವ ಬೆಟ್ಟಸೀಮೆ. ಅಲ್ಲಿಯವರು ಬರ್ಬರ್ ಭಾಷೆಯ ಜನ. ಅಂಜೂರ ಮತ್ತು ಆಲಿವ್ ಬೆಳೆಯುತ್ತಾರೆ, ಆದರೆ ಹೊಟ್ಟೆಗೆ ಬೇಕಾದ ಧಾನ್ಯ ಅಲ್ಲಿ ಸಾಕಷ್ಟು ಬೆಳೆಯುವುದಿಲ್ಲ, ಕೊಳ್ಳಬೇಕು. ಕೊಳ್ಳುವುದಕ್ಕೆ ದುಡ್ಡು ಬರುತ್ತಿದ್ದದ್ದು ಫ್ರಾನ್ಸಿಗೆ ಕೂಲಿಗೆ ಹೋದ ಗಂಡಸರಿಂದ. ಆರ್ಥಿಕ ಕುಸಿತದ ಮೇಲೆ ಆ ದುಡ್ಡು ಬತ್ತಿತು. ಕಮೂಗೆ ಆಗ ಇಪ್ಪತ್ತೈದು ವರ್ಷ.

ಅವನು ಬೆಳಗಿನ ಜಾವ ತಿಜಿ ಊಜೂ ಎಂಬ ಊರಿನಲ್ಲಿ ಕಂಡದ್ದನ್ನು ಬರೆಯುತ್ತಾನೆ. ಚಿಂದಿ ಉಟ್ಟ ಮಕ್ಕಳು ಕಸದ ಡಬ್ಬಿಯಲ್ಲಿದ್ದದ್ದಕ್ಕಾಗಿ ನಾಯಿಗಳ ಜೊತೆ ಕಿತ್ತಾಡುತ್ತಿದ್ದರು. ವಿಚಾರಿಸಿದರೆ, ದಿನಾ ಬೆಳಗ್ಗೆ ಹೀಗೇ ಎಂಬ ಉತ್ತರ ಬಂತು. ಜನ ಗಿಡದ ದಂಟು, ಬೇರು ತಿನ್ನುತ್ತಿದ್ದರು. ವಿಷದ ಬೇರು ತಿಂದು ಮಕ್ಕಳು ಸತ್ತದ್ದೂ ವರದಿಯಲ್ಲಿದೆ. ಇಷ್ಟಕ್ಕೇ ನಿಲ್ಲಿಸಿದ್ದರೆ ಅದು ಕರುಳು ಕಿವುಚುವ ಲೇಖನವಾಗುತ್ತಿತ್ತು, ಓದಿದವರು ಅಯ್ಯೋ ಎಂದು ಪುಟ ತಿರುಗಿಸುತ್ತಿದ್ದರು. ಅವನು ಅಲ್ಲಿಂದ ಲೆಕ್ಕಕ್ಕೆ ಇಳಿಯುತ್ತಾನೆ. ಹತ್ತು ಹನ್ನೆರಡು ಗಂಟೆಯ ದುಡಿಮೆಗೆ ಕೂಲಿ ಎಷ್ಟು? ಆರರಿಂದ ಹತ್ತು ಫ್ರಾಂಕ್. ಬಡವರಿಗೆ ಹಂಚುವ ಧಾನ್ಯ ಎಷ್ಟು, ಎಷ್ಟು ತಿಂಗಳಿಗೊಮ್ಮೆ, ಒಂದು ಸಂಸಾರಕ್ಕೆ ಅದು ಎಷ್ಟು ದಿನ ಬರುತ್ತದೆ? ಪರಿಹಾರ ಕಾಮಗಾರಿಯಲ್ಲಿ ದುಡಿದ ದಿಕ್ಕಿಲ್ಲದವರ ಕೂಲಿಯಿಂದಲೇ ಹಳೇ ತೆರಿಗೆ ಬಾಕಿ ಮುರಿದುಕೊಳ್ಳುತ್ತಿದ್ದದ್ದನ್ನು ಅವನು ಪತ್ತೆಹಚ್ಚುತ್ತಾನೆ. ಹಸಿದವನಿಗೆ ಅನ್ನ ಕೊಡುವುದಕ್ಕೆಂದು ತೆರೆದ ಕಾಮಗಾರಿ ಹಸಿದವನಿಂದಲೇ ವಸೂಲಿ ಮಾಡುವ ಕಚೇರಿಯಾಗಿತ್ತು.

ಆ ಜನರ ಬಗ್ಗೆ ಅಧಿಕಾರಿಗಳು ಮತ್ತು ಅನುಕೂಲಸ್ಥರು ಹೇಳುತ್ತಿದ್ದ ಒಂದು ಮಾತು ಕಮೂನನ್ನು ಎಲ್ಲಕ್ಕಿಂತ ಹೆಚ್ಚು ಕೆರಳಿಸಿತು. ಅವರಿಗೆ ನಮ್ಮಷ್ಟು ಬೇಡಿಕೆಗಳಿಲ್ಲ, ಅವರಿಗೆ ಇದು ಅಭ್ಯಾಸವಾಗಿದೆ, ಅವರ ಮನಸ್ಸೇ ಹಾಗೆ ಎಂಬುದು ಆ ಮಾತು. ಇದು ನಮಗೆ ಪರಿಚಯವಿಲ್ಲದ ಮಾತಲ್ಲ. ಬಡತನವನ್ನು ಬೆಟ್ಟದ ಹಾಗೆ, ಮಳೆಯ ಹಾಗೆ ಪ್ರಕೃತಿಯ ವಿಷಯವಾಗಿಸುವ ಉಪಾಯ ಇದು. ಬೆಟ್ಟವನ್ನು ಯಾಕೆ ಹೀಗಿದ್ದೀಯ ಎಂದು ಯಾರೂ ಕೇಳುವುದಿಲ್ಲವಲ್ಲ, ಹಾಗೆಯೇ ಇದನ್ನೂ ಕೇಳಬೇಡಿ ಎಂದು ಅದರ ಅರ್ಥ. ಕಮೂ ಅದನ್ನು ತಿರಸ್ಕಾರದಿಂದ ತಳ್ಳಿಹಾಕಿದ. ಕೂಲಿ ಯಾರು ನಿಗದಿ ಮಾಡಿದರು, ಶಾಲೆಯ ದುಡ್ಡನ್ನು ಆಡಂಬರದ ಕಟ್ಟಡಕ್ಕೆ ಹಾಕಿ ಮಕ್ಕಳನ್ನು ಬಾಗಿಲಿನಿಂದ ವಾಪಸ್ ಕಳಿಸಿದವರು ಯಾರು ಎಂದು ಕೇಳಿದ. ಕೊನೆಯ ಲೇಖನಗಳಲ್ಲಿ ಏನು ಮಾಡಬೇಕು ಎಂಬುದನ್ನೂ ಬರೆದ: ಕೂಲಿ ಹೆಚ್ಚಿಸಬೇಕು, ಅಂಜೂರ ಆಲಿವ್‌ಗಳ ಗುಣಮಟ್ಟ ಮತ್ತು ಬೆಲೆ ಸುಧಾರಿಸಬೇಕು, ಹಳ್ಳಿಯ ಆಡಳಿತ ಹಳ್ಳಿಯವರ ಕೈಗೆ ಬರಬೇಕು.

ಆ ಲೇಖನಗಳಲ್ಲಿ ಇನ್ನೊಂದು ಸಂಜೆಯ ವಿವರ ಬರುತ್ತದೆ. ಕಮೂ ಸ್ಥಳೀಯ ಗೆಳೆಯನೊಬ್ಬನ ಜೊತೆ ತಿಜಿ ಊಜೂವಿನ ಮೇಲಿನ ದಿಬ್ಬದಲ್ಲಿ ನಿಂತಿದ್ದಾನೆ. ಕತ್ತಲಾಗುತ್ತಿದೆ, ಬೆಟ್ಟಗಳಿಂದ ನೆರಳು ಇಳಿಯುತ್ತಿದೆ, ಎಂಥ ಗಟ್ಟಿ ಮನಸ್ಸೂ ಕರಗುವಂಥ ಹೊತ್ತು. ಎದುರಿನ ಇಳಿಜಾರಿನಲ್ಲಿ ಸಣ್ಣ ಸಣ್ಣ ಬೆಂಕಿಗಳು ಉರಿಯುತ್ತಿವೆ. ಆ ಬೆಂಕಿಗಳ ಸುತ್ತ ಕೂತವರ ತಾಟಿನಲ್ಲಿ ಏನಿದೆ ಎಂಬುದು ಅವನಿಗೆ ಗೊತ್ತು. ಆ ಬಡತನ ಎದುರಿಗಿರುವಾಗ ಜಗತ್ತಿನ ಚೆಲುವಿಗೆ ಮನಸ್ಸು ಕೊಡುವುದಕ್ಕೆ ಆಗಲಿಲ್ಲ ಎಂಬರ್ಥದಲ್ಲಿ ಬರೆಯುತ್ತಾನೆ.

ಮುಂದೆ ಅವನು ಬರೆಯಲಿರುವ ತತ್ವದ ಬೀಜ ಇಲ್ಲಿಯೇ ಇದೆ ಎಂದು ನಮಗನ್ನಿಸುತ್ತದೆ. ಆ ದಿಬ್ಬದ ಮೇಲೆ ಅವನಿಗೆ ಎದುರಾದದ್ದು ಎರಡು ಬೇರೆ ಬೇರೆ ಮೌನಗಳು. ಒಂದು ಬೆಟ್ಟದ ಮೌನ. ಅದು ಚೆಲುವಾಗಿದೆ, ಅದಕ್ಕೆ ನಮ್ಮ ಗೊಡವೆ ಇಲ್ಲ, ಕೇಳಿದರೂ ಉತ್ತರಿಸಲಾರದು. ಇನ್ನೊಂದು ಕೂಲಿ ನಿಗದಿ ಮಾಡಿದ ಕಚೇರಿಯ ಮೌನ. ಅದಕ್ಕೆ ಬಾಯಿದೆ, ವಿಳಾಸವಿದೆ, ಬೇಕೆಂದೇ ಸುಮ್ಮನಿದೆ. ಮೊದಲನೆಯದು ಅಸಂಗತ, ಎರಡನೆಯದು ಅನ್ಯಾಯ. ಕಮೂ ಇವೆರಡನ್ನೂ ಕಂಡ, ಒಂದನ್ನು ಇನ್ನೊಂದರ ಲೆಕ್ಕಕ್ಕೆ ಬರೆಯಲಿಲ್ಲ. ನಮ್ಮ ಗೆಳೆಯ ಗುಂಪಿನಲ್ಲಿ ಮಾಡಿದ್ದು ಅದನ್ನೇ. ತಾಲ್ಲೂಕು ಕಚೇರಿ ಉತ್ತರ ಕೊಡಲಿಲ್ಲ, ಅದನ್ನು ಅವನು ಬ್ರಹ್ಮಾಂಡದ ಖಾತೆಗೆ ಹಾಕಿದ. ಕಚೇರಿಯವರಿಗೆ ಇದಕ್ಕಿಂತ ಅನುಕೂಲ ಇನ್ನೇನಿದೆ? ಬ್ರಹ್ಮಾಂಡಕ್ಕೆ ಮೇಲ್ಮನವಿ ಸಲ್ಲಿಸುವುದಕ್ಕೆ ಆಗುವುದಿಲ್ಲ.

ಹಾಗಾದರೆ ಯಾವುದು ಯಾವುದು ಎಂದು ಗುರುತಿಸುವುದು ಹೇಗೆ? ನಾವು ಒಂದು ಸರಳ ಪ್ರಶ್ನೆ ಇಟ್ಟುಕೊಂಡಿದ್ದೇವೆ: ಇದಕ್ಕೆ ಉತ್ತರ ಕೊಡಬಲ್ಲವರು ಯಾರಾದರೂ ಇದ್ದಾರೆಯೇ? ಒಬ್ಬರಾದರೂ ಇದ್ದರೆ ಅದನ್ನು ಅಸಂಗತ ಎಂದು ಕರೆಯಬಾರದು. ಇದು ಯಾವಾಗಲೂ ಸುಲಭವಲ್ಲ, ಯಾಕೆಂದರೆ ಬದುಕಿನಲ್ಲಿ ಎರಡೂ ಒಟ್ಟಿಗೇ ಬರುತ್ತವೆ. 1947ರಲ್ಲಿ ಬಂದ ಕಮೂನ ಕಾದಂಬರಿ ‘ಪ್ಲೇಗ್’ ಇದಕ್ಕೆ ಒಳ್ಳೆಯ ಉದಾಹರಣೆ. ಓರಾನ್ ಎಂಬ ಊರಿನಲ್ಲಿ ಮೊದಲು ಇಲಿಗಳು ಸಾಯುತ್ತವೆ, ಆಮೇಲೆ ಜನ. ಪ್ಲೇಗಿನ ರೋಗಾಣುವನ್ನು ಯಾಕೆ ಬಂದೆ ಎಂದು ಕೇಳುವುದಕ್ಕಾಗುವುದಿಲ್ಲ. ನ್ಯಾಯಾಧೀಶನ ಪುಟ್ಟ ಮಗ ಗಂಟೆಗಟ್ಟಲೆ ನರಳಿ ಸಾಯುವಾಗ, ಅದಕ್ಕೆ ಅರ್ಥ ಹುಡುಕುವ ಪಾದ್ರಿಯ ಮೇಲೆ ಡಾಕ್ಟರ್ ರಿಯೂ ಸಿಡಿಯುತ್ತಾನೆ. ಅದು ಜಗತ್ತಿನ ಮೌನ. ಆದರೆ ಅದೇ ಕಾದಂಬರಿಯ ಮೊದಲ ಭಾಗದಲ್ಲಿ ಆಡಳಿತದವರು ‘ಪ್ಲೇಗ್’ ಎಂಬ ಪದವನ್ನು ಬಾಯಿಬಿಟ್ಟು ಹೇಳುವುದಕ್ಕೆ ಹಿಂಜರಿಯುತ್ತಾರೆ. ಎಚ್ಚರಿಕೆಯ ಭಿತ್ತಿಪತ್ರಗಳನ್ನು ಸಣ್ಣದಾಗಿ ಮಾಡಿಸಿ, ಜನರ ಕಣ್ಣಿಗೆ ಬೀಳದ ಮೂಲೆಗಳಲ್ಲಿ ಅಂಟಿಸುತ್ತಾರೆ. ಇದು ಕಚೇರಿಯ ಮೌನ. ರೋಗ ಒಂದೇ, ಊರು ಒಂದೇ, ಮೌನ ಎರಡು. ಕಾದಂಬರಿಯ ಡಾಕ್ಟರು ಮೊದಲನೆಯದನ್ನು ಗೆಲ್ಲಲಾರೆ ಎಂದು ತಿಳಿದೂ ರೋಗಿಗಳ ಮನೆಗೆ ಹೋಗುತ್ತಾನೆ. ಎರಡನೆಯದರ ಜೊತೆ ಸಭೆಯಲ್ಲಿ ಕೂತು ವಾದಿಸುತ್ತಾನೆ.

ಇನ್ನು ಸಿಸಿಫಸ್ಸನ ನಗುವಿನ ವಿಷಯ. ಗ್ರೀಕ್ ಕಥೆಯಲ್ಲಿ ಸಿಸಿಫಸ್ ದೇವತೆಗಳಿಗೆ ಎದುರಾದವನು, ಸಾವನ್ನೇ ಸರಪಳಿಯಲ್ಲಿ ಕಟ್ಟಿಹಾಕಿದವನು. ಅದಕ್ಕೇ ಶಿಕ್ಷೆ. ಬಂಡೆಯನ್ನು ಬೆಟ್ಟದ ತುದಿಗೆ ತಳ್ಳಬೇಕು, ಅದು ಉರುಳಿ ಕೆಳಗೆ ಬರುತ್ತದೆ, ಮತ್ತೆ ತಳ್ಳಬೇಕು, ಕೊನೆಯೇ ಇಲ್ಲ. ಕಮೂಗೆ ಮುಖ್ಯವಾದದ್ದು ಬಂಡೆಯ ಹಿಂದೆ ಅವನು ಬರಿಗೈಯಲ್ಲಿ ಇಳಿದು ಬರುವ ಹೊತ್ತು. ಆ ಹೊತ್ತಿನಲ್ಲಿ ಅವನಿಗೆ ತನ್ನ ಸ್ಥಿತಿ ಪೂರ್ತಿಯಾಗಿ ಗೊತ್ತಿದೆ. ಗೊತ್ತಿದ್ದೂ ಅವನು ದೇವತೆಗಳನ್ನು ತಿರಸ್ಕರಿಸುತ್ತಾನೆ. ಅವನ ಸಂತೋಷ ಹುಟ್ಟುವುದು ಆ ತಿರಸ್ಕಾರದಿಂದ, ಆ ಎಚ್ಚರದಿಂದ. ಇವತ್ತಿನ ಕಾರ್ಮಿಕನೂ ದಿನಾ ಅದೇ ಕೆಲಸ ಮಾಡುತ್ತಾನೆ, ತನ್ನ ಸ್ಥಿತಿ ಅರಿವಿಗೆ ಬರುವ ಅಪರೂಪದ ಗಳಿಗೆಗಳಲ್ಲಿ ಮಾತ್ರ ಅದು ದುರಂತವಾಗುತ್ತದೆ ಎಂಬ ಮಾತೂ ಆ ಪುಟಗಳಲ್ಲೇ ಬರುತ್ತದೆ. ತರಬೇತಿಯವರು ನಗುವನ್ನು ಇಟ್ಟುಕೊಂಡು ತಿರಸ್ಕಾರವನ್ನು ಕತ್ತರಿಸಿ ಬಿಸಾಕಿದ್ದಾರೆ. ಯಜಮಾನನನ್ನು ತಿರಸ್ಕರಿಸುವ ಸಿಸಿಫಸ್ ಅವರ ಸ್ಲೈಡಿಗೆ ಬೇಕಾಗಿಲ್ಲ.

ಇನ್ನೂ ಒಂದು ಸಂಗತಿ ಇದೆ. ಸಿಸಿಫಸ್ಸನ ಬಂಡೆಯಿಂದ ಯಾರಿಗೂ ಲಾಭವಿಲ್ಲ. ದೇವತೆಗಳಿಗೂ ಅದರಿಂದ ಮನೆ ಕಟ್ಟಬೇಕಾಗಿಲ್ಲ. ಅದಕ್ಕೇ ಅದು ಶುದ್ಧ ವ್ಯರ್ಥತೆಯ ಚಿತ್ರವಾಗುತ್ತದೆ. ಕಬೀಲಿಯಾದ ಕೂಲಿಯವನು ಹೊತ್ತ ಕಲ್ಲು ಹಾಗಲ್ಲ. ಅದು ಯಾರದೋ ರಸ್ತೆಗೆ, ಯಾರದೋ ತೋಟದ ಗೋಡೆಗೆ ಹೋಯಿತು, ಆರು ಫ್ರಾಂಕಿನ ಕೂಲಿಯಿಂದ ಯಾರಿಗೋ ಉಳಿತಾಯವಾಯಿತು. ಹಾಗಾಗಿ ಯಾರಾದರೂ ನಿಮಗೆ ಸಿಸಿಫಸ್ಸನ ಹಾಗೆ ನಗು ಎಂದರೆ ಮೊದಲು ಕೇಳಬೇಕಾದ ಪ್ರಶ್ನೆ: ಈ ಬಂಡೆ ಯಾರ ಮನೆಗೆ ಹೋಗುತ್ತಿದೆ? ಒಂದು ಮನೆಯ ವಿಳಾಸ ಸಿಕ್ಕಿತೆಂದರೆ ಇದು ಸಿಸಿಫಸ್ಸನ ಕಥೆಯಲ್ಲ, ಕೂಲಿಯ ಕಥೆ.

ಕಮೂ ಇಲ್ಲಿಗೇ ನಿಲ್ಲಲಿಲ್ಲ ಎಂಬುದನ್ನು ಸಿಸಿಫಸ್ ಭಕ್ತರು ಮರೆಯುತ್ತಾರೆ. ಸಿಸಿಫಸ್ ಒಂಟಿ. ಅವನ ಪಕ್ಕದಲ್ಲಿ ಇನ್ನೊಬ್ಬ ಬಂಡೆ ತಳ್ಳುವವನಿಲ್ಲ. 1951ರಲ್ಲಿ ಬಂದ ‘ದಿ ರೆಬೆಲ್’ ಪುಸ್ತಕದಲ್ಲಿ ಕಮೂ ಆ ಒಂಟಿತನದಿಂದ ಹೊರಗೆ ಬರುತ್ತಾನೆ. ಅಲ್ಲಿ ಅವನು ಹಿಡಿಯುವುದು ಒಬ್ಬ ಗುಲಾಮನನ್ನು. ಬದುಕಿಡೀ ಹೇಳಿದ್ದನ್ನು ಕೇಳಿಕೊಂಡು ಬಂದವನು ಒಂದು ದಿನ ಇದ್ದಕ್ಕಿದ್ದಂತೆ ಆಗುವುದಿಲ್ಲ ಎನ್ನುತ್ತಾನೆ. ಇಲ್ಲಿಯವರೆಗೆ ಸರಿ, ಇದರಾಚೆಗೆ ಬೇಡ ಎಂದು ಗೆರೆ ಎಳೆಯುತ್ತಾನೆ. ಆ ‘ಬೇಡ’ದೊಳಗೆ ಒಂದು ‘ಹೌದು’ ಇದೆ ಎಂಬುದು ಕಮೂನ ವಾದ. ತನ್ನೊಳಗೆ ಕಾಪಾಡಿಕೊಳ್ಳಬೇಕಾದ ಏನೋ ಒಂದಿದೆ ಎಂದು ಒಪ್ಪದೆ ಯಾರೂ ಗೆರೆ ಎಳೆಯುವುದಿಲ್ಲ. ಆ ಏನೋ ಒಂದು ಅವನಿಗೊಬ್ಬನಿಗೇ ಸೇರಿದ್ದೂ ಅಲ್ಲ. ತನಗೆ ಬೀಳದ ಹೊಡೆತವನ್ನು ಪಕ್ಕದವನಿಗೆ ಬೀಳುತ್ತಿರುವಾಗ ನೋಡಿಯೂ ಮನುಷ್ಯ ಸಿಟ್ಟಿಗೇಳುತ್ತಾನೆ. ಅಸಂಗತದಲ್ಲಿ ‘ನಾನು’ ಒಬ್ಬನೇ ನರಳುತ್ತಿದ್ದೆ. ಬಂಡಾಯದಲ್ಲಿ ‘ನಾವು’ ಹುಟ್ಟುತ್ತದೆ. ಜಗತ್ತು ಅರ್ಥ ಕೊಡಲಿಲ್ಲ, ನಿಜ. ಆದರೆ ಗೆರೆ ಎಳೆದ ಕ್ಷಣದಲ್ಲಿ ಮನುಷ್ಯರು ತಮ್ಮ ತಮ್ಮಲ್ಲೇ ಒಂದು ಅರ್ಥವನ್ನು ಮಾಡಿಕೊಂಡರು.

ನಮ್ಮ ಭಾಷೆಯಲ್ಲೂ ಈ ದಾರಿಯನ್ನು ನಡೆದವರಿದ್ದಾರೆ. ನವ್ಯದ ಕಾಲದಲ್ಲಿ ‘ಕೊಡೆಗಳು’ ಎಂಬ ಅಸಂಗತ ನಾಟಕ ಬರೆದ ಚಂದ್ರಶೇಖರ ಪಾಟೀಲರು ತುರ್ತುಪರಿಸ್ಥಿತಿಯಲ್ಲಿ ಜೈಲಿಗೆ ಹೋದರು, ಆಮೇಲೆ ಬಂಡಾಯದ ದನಿಗಳಲ್ಲಿ ಒಬ್ಬರಾದರು. ಅಸಂಗತವನ್ನು ಬರೆದ ಕೈ ಸುಮ್ಮನೆ ಕೂರಲೇಬೇಕೆಂದಿಲ್ಲ ಎಂಬುದಕ್ಕೆ ಸಾಕ್ಷಿಗೆ ಪ್ಯಾರಿಸ್ಸಿಗೇ ಹೋಗಬೇಕಾಗಿಲ್ಲ.

ಬಂಡಾಯವೆಂದರೆ ಏನು ಬೇಕಾದರೂ ಮಾಡಬಹುದೇ? ಕಮೂ ಇಲ್ಲಿ ಇನ್ನೊಂದು ಗೆರೆ ಎಳೆಯುತ್ತಾನೆ. ಅದಕ್ಕೆ ಅವನು ಕೊಡುವ ಉದಾಹರಣೆ ನಿಜವಾಗಿ ನಡೆದದ್ದು. 1905ರ ಫೆಬ್ರವರಿ, ಮಾಸ್ಕೋ. ಇವಾನ್ ಕಲ್ಯಾಯೆವ್ ಎಂಬ ಕ್ರಾಂತಿಕಾರಿ ಯುವಕ ಜಾರ್ ದೊರೆಯ ಚಿಕ್ಕಪ್ಪ ಗ್ರಾಂಡ್ ಡ್ಯೂಕ್ ಸೆರ್ಗೆಯ್ ಬರುವ ಗಾಡಿಗೆ ಬಾಂಬು ಹಾಕಲು ಕಾದು ನಿಂತಿದ್ದ. ಗಾಡಿ ಬಂತು. ಒಳಗೆ ಡ್ಯೂಕನ ಜೊತೆ ಹೆಂಡತಿ ಮತ್ತು ಮನೆಯ ಇಬ್ಬರು ಮಕ್ಕಳಿದ್ದರು. ಕಲ್ಯಾಯೆವ್ ಬಾಂಬು ಎಸೆಯಲಿಲ್ಲ. ಎರಡು ದಿನದ ಮೇಲೆ ಡ್ಯೂಕ್ ಒಬ್ಬನೇ ಬಂದಾಗ ಎಸೆದ, ಸಿಕ್ಕಿಬಿದ್ದ, ಗಲ್ಲಿಗೇರಿದ. 1949ರಲ್ಲಿ ಕಮೂ ಇದನ್ನೇ ನಾಟಕ ಮಾಡಿದ. ಆ ಕೊಲೆಯನ್ನು ಅವನು ಹೊಗಳುವುದಿಲ್ಲ. ಅವನ ಕಣ್ಣು ಇರುವುದು ಎಸೆಯದೆ ಇಳಿಸಿದ ಆ ಕೈಯ ಮೇಲೆ. ಮಕ್ಕಳ ಪರವಾಗಿ ಎದ್ದವನು ಮಕ್ಕಳನ್ನೇ ಕೊಂದರೆ ಅವನು ಎದ್ದ ಕಾರಣವೇ ಸತ್ತುಹೋಗುತ್ತದೆ. ನಾಳಿನ ಸುಖಕ್ಕಾಗಿ ಇವತ್ತಿನ ಲಕ್ಷಾಂತರ ಜನರನ್ನು ಶಿಬಿರಕ್ಕೆ ಕಳಿಸುವ ಕ್ರಾಂತಿಗಳು ಬಂಡಾಯವನ್ನೇ ಮರೆತಿವೆ ಎಂದು ಅವನು ಸ್ಟಾಲಿನ್ನನ ಕಾಲದಲ್ಲೇ ಹೇಳಿದ. 1952ರಲ್ಲಿ ಸಾರ್ತ್ರ್ ತನ್ನ ಪತ್ರಿಕೆಯಲ್ಲಿ ಅವನನ್ನು ಕಟುವಾಗಿ ಟೀಕಿಸಿದ, ಇಬ್ಬರ ಸ್ನೇಹ ಅಲ್ಲಿಗೆ ಮುರಿಯಿತು.

ಇಷ್ಟೆಲ್ಲ ಹೇಳಿ ಕಮೂನನ್ನು ಗುಡಿಯಲ್ಲಿ ಕೂರಿಸುವುದಕ್ಕೆ ನಾವು ಹೊರಟಿಲ್ಲ. ನಮ್ಮ ಪ್ರಶ್ನೆಯನ್ನು ಅವನಿಗೂ ಕೇಳಲೇಬೇಕು. 1942ರ ಅವನ ಕಾದಂಬರಿ ‘ದಿ ಔಟ್‌ಸೈಡರ್’ನಲ್ಲಿ ಮ್ಯೂರ್ಸೋ ಎಂಬ ಫ್ರೆಂಚ್ ಗುಮಾಸ್ತ ಕಡಲತೀರದಲ್ಲಿ ಒಬ್ಬ ಅರಬನನ್ನು ಕೊಲ್ಲುತ್ತಾನೆ. ಬಿಸಿಲು ಕಣ್ಣು ಕುಕ್ಕುತ್ತಿತ್ತು ಎಂಬುದೇ ಕಾರಣ. ಸತ್ತವನಿಗೆ ಇಡೀ ಪುಸ್ತಕದಲ್ಲಿ ಹೆಸರಿಲ್ಲ. ಅಸಂಗತದ ಮೇರುಕೃತಿ ಎಂದು ಲೋಕ ಓದಿದ ಆ ಪುಸ್ತಕದಲ್ಲಿ ಬಿಸಿಲಿನ ಮೌನದ ಹಿಂದೆ ವಸಾಹತಿನ ಮೌನವೂ ಅಡಗಿ ಕೂತಿದೆ. ಎಪ್ಪತ್ತು ವರ್ಷಗಳ ಮೇಲೆ, 2013ರಲ್ಲಿ, ಅಲ್ಜೀರಿಯಾದ ಪತ್ರಕರ್ತ ಕಮೆಲ್ ದಾವೂದ್ ಆ ಸತ್ತವನ ತಮ್ಮನ ಬಾಯಿಂದ ಇನ್ನೊಂದು ಕಾದಂಬರಿ ಹೇಳಿಸಿ ಅವನಿಗೊಂದು ಹೆಸರು ಕೊಟ್ಟ. ಕಮೂ ಕೇಳದೆ ಬಿಟ್ಟ ಪ್ರಶ್ನೆಯನ್ನು ಆ ನೆಲದವನೇ ಕೇಳಿದ.

ಕಬೀಲಿಯಾ ವರದಿಗಳಿಗೂ ಮಿತಿಯಿದೆ. ಕೂಲಿ, ಶಾಲೆ, ಆಡಳಿತ ಎಲ್ಲವನ್ನೂ ಕೇಳಿದ ಕಮೂ, ಫ್ರಾನ್ಸ್ ಅಲ್ಲಿ ಯಾಕಿರಬೇಕು ಎಂದು ಕೇಳಲಿಲ್ಲ. ಆಡಳಿತ ಸುಧಾರಿಸಲಿ ಎಂದನೇ ಹೊರತು ಅಲ್ಜೀರಿಯಾ ಸ್ವತಂತ್ರವಾಗಲಿ ಎನ್ನಲಿಲ್ಲ. ಸ್ವಾತಂತ್ರ್ಯ ಯುದ್ಧ ನಡೆಯುತ್ತಿದ್ದಾಗ, 1956ರ ಜನವರಿಯಲ್ಲಿ ಅಲ್ಜೀರ್ಸ್‌ಗೆ ಹೋಗಿ, ಎರಡೂ ಕಡೆಯವರು ಸಾಮಾನ್ಯ ಜನರನ್ನು ಕೊಲ್ಲಬಾರದು ಎಂದು ಕೇಳಿಕೊಂಡ. ಸಭೆಯ ಹೊರಗೆ ಅವನದೇ ಸಮುದಾಯದವರು ಅವನಿಗೆ ಸಾವು ಕೋರಿ ಕೂಗುತ್ತಿದ್ದರು. ಆಮೇಲೆ ಅವನು ಆ ವಿಷಯದಲ್ಲಿ ಹೆಚ್ಚುಕಡಿಮೆ ಬಾಯಿ ಮುಚ್ಚಿದ. ಗಲ್ಲು ಶಿಕ್ಷೆಯಾದ ಅಲ್ಜೀರಿಯನ್ನರ ಪರವಾಗಿ ಒಳಗಿಂದೊಳಗೆ ಮನವಿ ಮಾಡಿದ್ದುಂಟು, ಆದರೆ ಬಹಿರಂಗವಾಗಿ ಮೌನ. 1958ರಲ್ಲಿ ಕಬೀಲಿಯಾ ಲೇಖನಗಳನ್ನೂ ಸೇರಿಸಿ ಅಲ್ಜೀರಿಯಾ ಕುರಿತ ಬರಹಗಳ ಪುಸ್ತಕ ತಂದ. 1960ರ ಜನವರಿ 4ರಂದು ಕಾರು ಅಪಘಾತದಲ್ಲಿ ಸತ್ತ. ಅಲ್ಜೀರಿಯಾದ ಸ್ವಾತಂತ್ರ್ಯವನ್ನು ಅವನು ನೋಡಲಿಲ್ಲ. ಉತ್ತರ ಕೊಡಬಲ್ಲವನು ಸುಮ್ಮನಿದ್ದರೆ ಅದು ಅಸಂಗತವಲ್ಲ ಎಂದು ನಾವು ಮೇಲೆ ಹೇಳಿದೆವು. ಆ ಮಾತು ಅವನಿಗೂ ಅನ್ವಯಿಸುತ್ತದೆ. ಅದರಿಂದ ಆ ಪ್ರಶ್ನೆಯ ಬೆಲೆ ಕಡಿಮೆಯಾಗುವುದಿಲ್ಲ. ಅದನ್ನು ಕಲಿಸಿದವನೂ ಅದರ ಮುಂದೆ ತಪ್ಪಬಹುದು ಎಂದಷ್ಟೇ ತಿಳಿಯುತ್ತದೆ.

‘ಆದರೆ 1939ರ ಆ ವರದಿಯಿಂದ ಏನಾಯಿತು?’ ಎಂದು ನಮ್ಮ ಗೆಳೆಯ ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಕಬೀಲಿಯಾದ ಹಸಿವು ಆ ಹನ್ನೊಂದು ಲೇಖನಗಳಿಂದ ನೀಗಲಿಲ್ಲ. ಮೂರು ತಿಂಗಳೊಳಗೆ ಯುದ್ಧ ಬಂತು, ಸೆನ್ಸಾರ್ ಬಂತು. ಕಮೂ ಸಂಪಾದಿಸುತ್ತಿದ್ದ ‘ಸ್ವಾರ್ ರಿಪಬ್ಲಿಕೇನ್’ ಎಂಬ ಸಂಜೆ ಪತ್ರಿಕೆಯನ್ನು 1940ರ ಜನವರಿಯಲ್ಲಿ ಸರ್ಕಾರ ಮುಚ್ಚಿಸಿತು. ಅಲ್ಲಿ ಕೆಲಸ ಸಿಗದೆ ಅವನು ಪ್ಯಾರಿಸ್ಸಿಗೆ ಹೋದ. ಅಂದರೆ ಅವನ ಬಂಡೆಯೂ ಉರುಳಿ ಕೆಳಗೆ ಬಂತು. ಸಿಸಿಫಸ್ಸನ ಪುಸ್ತಕ ಮುಗಿದದ್ದು ಅದರ ಮರುವರ್ಷ, 1941ರಲ್ಲಿ. ಯಾವುದೋ ಆರಾಮಕುರ್ಚಿಯಲ್ಲಿ ಕೂತು ಬರೆದ ತತ್ವ ಅದಲ್ಲ. ಪತ್ರಿಕೆ ಮುಚ್ಚಿಸಿಕೊಂಡ, ಕೆಲಸ ಕಳೆದುಕೊಂಡ, ಶ್ವಾಸಕೋಶದಲ್ಲಿ ಕ್ಷಯ ಹೊತ್ತ ವರದಿಗಾರನೊಬ್ಬ ಬೆಟ್ಟ ಇಳಿಯುತ್ತಾ ಯೋಚಿಸಿದ್ದು. ಇಳಿದ ಮೇಲೆ ಅವನು ಮನೆಗೆ ಹೋಗಲಿಲ್ಲ, ನಾಜಿ ಆಕ್ರಮಣದ ಕಾಲದಲ್ಲಿ ಕದ್ದು ಅಚ್ಚಾಗುತ್ತಿದ್ದ ‘ಕೊಂಬಾ’ ಪತ್ರಿಕೆ ಸೇರಿದ.

ಹಾಗಾಗಿ ಸಹೋದ್ಯೋಗಿಗಳಲ್ಲಿ ನಮ್ಮ ಬೇಡಿಕೆ ದೊಡ್ಡದೇನಲ್ಲ. ವರದಿ ಬಂದು ಏನೂ ಆಗದಿದ್ದಾಗ ಅದಕ್ಕೆ ಅಬ್ಸರ್ಡ್ ಎಂಬ ಹೆಸರಿಡುವ ಮೊದಲು ಒಂದು ಹಾಳೆಯಲ್ಲಿ ಬರೆಯೋಣ: ಉತ್ತರ ಕೊಡಬೇಕಾದವರು ಯಾರು, ಯಾವ ತಾರೀಖಿನಂದು ಕೇಳಿದೆವು, ಅವರು ಏನು ಹೇಳಿದರು ಅಥವಾ ಹೇಳಲಿಲ್ಲ. ಮುಂದಿನ ವರದಿಯ ಮೊದಲ ಸಾಲೇ ಅದು. ಹಳ್ಳಿಗೆ ಎರಡನೇ ಸಲ ಹೋಗೋಣ. ಕೂಲಿ ಎಷ್ಟು, ಮುರಿದುಕೊಂಡದ್ದೆಷ್ಟು, ರೇಷನ್ ಎಷ್ಟು ದಿನಕ್ಕೆ ಬಂತು ಎಂಬ ಲೆಕ್ಕ ಮತ್ತೆ ಹಾಕೋಣ. ಜನ ಅಭ್ಯಾಸವಾಗಿದೆ ಎಂದು ಹೇಳಿದರೆ ಯಾರು ಅಭ್ಯಾಸ ಮಾಡಿಸಿದರು ಎಂದು ಕೇಳೋಣ. ಹಾಳೆಯ ಮೇಲೆ ಒಂದು ಹುದ್ದೆಯ ಹೆಸರೂ ಬರೆಯಲಾಗದಂಥ ದುಃಖಗಳೂ ಇವೆ, ಸಿಡಿಲು ಬಡಿದು ಹೋದವರ ಮನೆಗೂ ನಾವು ಹೋಗುತ್ತೇವೆ. ಅಲ್ಲಿ ಅರ್ಥ ಹುಡುಕಿ ಕೊಡುವ ಕೆಲಸ ನಮ್ಮದಲ್ಲ. ಅಲ್ಲಿ ಸುಮ್ಮನೆ ಕೂತು ಕೇಳಿಸಿಕೊಳ್ಳಬೇಕು, ಅಷ್ಟೇ.

‘ಪ್ಲೇಗ್’ ಕಾದಂಬರಿಯ ಮೊದಮೊದಲಲ್ಲೇ ರಾಂಬೇರ್ ಎಂಬ ಪತ್ರಕರ್ತ ಬರುತ್ತಾನೆ. ಪ್ಯಾರಿಸ್ಸಿನ ಪತ್ರಿಕೆಗಾಗಿ ಅಲ್ಲಿನ ಅರಬರ ಜೀವನಸ್ಥಿತಿಯ ಬಗ್ಗೆ ಬರೆಯುವುದಕ್ಕೆ ಬಂದವನು. ಡಾಕ್ಟರನ ಹತ್ತಿರ ಮಾಹಿತಿ ಕೇಳುತ್ತಾನೆ. ಡಾಕ್ಟರು ತಿರುಗಿ ಕೇಳುತ್ತಾನೆ, ನೀನು ಸತ್ಯವನ್ನು ಪೂರ್ತಿ ಬರೆಯಬಲ್ಲೆಯಾ ಎಂದು. ಪೂರ್ತಿ ಖಂಡಿಸುವುದಕ್ಕೆ ಆಗಲಾರದು ಎಂದು ರಾಂಬೇರ್ ಒಪ್ಪಿಕೊಳ್ಳುತ್ತಾನೆ. ಹಾಗಿದ್ದರೆ ಅರ್ಧ ಸತ್ಯಕ್ಕೆ ನನ್ನ ಮಾಹಿತಿ ಕೊಡಲಾರೆ ಎನ್ನುತ್ತಾನೆ ಡಾಕ್ಟರು. ಆಮೇಲೆ ಊರಿಗೆ ದಿಗ್ಬಂಧನವಾಗುತ್ತದೆ. ಪರವೂರಿನ ರಾಂಬೇರ್ ತಪ್ಪಿಸಿಕೊಳ್ಳುವುದಕ್ಕೆ ತಿಂಗಳುಗಟ್ಟಲೆ ದಾರಿ ಹುಡುಕುತ್ತಾನೆ. ಕೊನೆಗೆ ದಾರಿ ಸಿಕ್ಕಿದ ದಿನ ಹೋಗುವುದಿಲ್ಲ. ಒಬ್ಬನೇ ಸುಖವಾಗಿರುವುದಕ್ಕೆ ನಾಚಿಕೆಯಾಗುತ್ತದೆ ಎಂದು ಉಳಿದುಬಿಡುತ್ತಾನೆ, ರೋಗಿಗಳನ್ನು ಹೊರುವ ತಂಡದಲ್ಲಿ.

ಆದರೆ ಅವನು ಬರೆಯಲು ಬಂದಿದ್ದ ಆ ಅರಬರ ವರದಿ ಕಾದಂಬರಿ ಮುಗಿದರೂ ಬರುವುದಿಲ್ಲ. ಅದು ಬಾಕಿ ಇದೆ.